ಬಾಕಿ ಹಣಕ್ಕೆ ಕೊನೆಯ ದಿನಾಂಕ ಕೊಟ್ಟು ಸೈಟಿನ ಕರಾರು ರದ್ದು ಮಾಡಿದ ಹನ್ನೊಂದು ತಿಂಗಳು

ಅಮ್ಮನಿಂದ ಅಕ್ಕನಿಗೂ ನನಗೂ ಬಂದಿದ್ದ ಸೈಟನ್ನು ಮಾರಲು 2025ರ ಜನವರಿ 10ರಂದು ಕರಾರು ಮಾಡಿಕೊಂಡೆವು. ಬೆಲೆ 40 ಲಕ್ಷ. ಅವತ್ತೇ 4 ಲಕ್ಷ ಮುಂಗಡ ಬಂತು. ಉಳಿದದ್ದನ್ನು ಮೂರು ತಿಂಗಳಲ್ಲಿ, ಅಂದರೆ ಏಪ್ರಿಲ್ 10ರೊಳಗೆ ಕೊಟ್ಟು ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಬರೆದಿತ್ತು. ಕೊಳ್ಳುವವರು ಗಂಡ ಹೆಂಡತಿ, ಇಬ್ಬರೂ ಸಹಿ ಹಾಕಿದ್ದರು. ಆ ಹಣವನ್ನು ನಂಬಿಕೊಂಡು ಅಕ್ಕ ಒಂದು ಮನೆಗೆ ಮಾತು ಕೊಟ್ಟಿದ್ದಳು.

ಈ ಕರಾರು ಮುರಿದು, ಲೆಕ್ಕ ಚುಕ್ತಾ ಆಗಿ, ಕಾಗದ ಕೈಗೆ ಬಂದದ್ದು ಡಿಸೆಂಬರಿನಲ್ಲಿ. ನಡುವೆ ನಾವು ಕಳಿಸಿದ ನೋಟೀಸು ಎರಡೂವರೆ ಪುಟದ್ದು. ಆದರೆ ಅದರಲ್ಲಿ ಯಾವ ದಿನಾಂಕ ಬರೆಯಬೇಕು, ಬರೆದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದರಲ್ಲೇ ಎಲ್ಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ಬಾಕಿ ಹಣ ಬರದೆ ಕಾಯುತ್ತಿರುವ ಇನ್ನೊಬ್ಬರಿಗೆ ಮೊದಲೇ ತಿಳಿದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಏಪ್ರಿಲ್ 10 ಸುಮ್ಮನೆ ದಾಟಿತು. ನಾವು ಜಗಳ ಮಾಡಲಿಲ್ಲ, ಏಕೆಂದರೆ ನಮ್ಮ ಕಡೆಯೂ ಒಂದು ಕೊರತೆ ಇತ್ತು. ಖಾತೆ ಇನ್ನೂ ಅಮ್ಮನ ಹೆಸರಿನಲ್ಲಿತ್ತು. ನಮ್ಮ ಹೆಸರಿಗೆ ಇ-ಖಾತಾ ಆಗದೆ ನೋಂದಣಿ ಸಾಧ್ಯವಿರಲಿಲ್ಲ. ಮೇ 2ರಂದು ಅವರು ಇನ್ನೂ 3 ಲಕ್ಷ ಹಾಕಿದರು, ನಾವು ತೆಗೆದುಕೊಂಡೆವು. ಇ-ಖಾತಾ ಕೈಗೆ ಬಂದದ್ದು ಜೂನ್ 18ಕ್ಕೆ. ಜುಲೈ 1ರಂದು ಅದರ ಪ್ರತಿಯನ್ನೂ ಋಣಭಾರ ಪತ್ರವನ್ನೂ ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ನಮ್ಮ ಕಡೆ ಎಲ್ಲ ಸಿದ್ಧ ಇದೆ, ದಿನ ಹೇಳಿ" ಎಂದು ಬರೆದೆ.

ಆಷಾಢ ಕಳೆಯಲಿ ಎಂದರು. ಕಳೆಯಿತು. ಬ್ಯಾಂಕಿನವರು ಬೆಲೆ ಕಟ್ಟಲು ಬರಬೇಕು ಎಂದರು. ಆಮೇಲೆ ಊರಿನ ಜಮೀನು ಮಾರಿ ಹಣ ಬರಬೇಕು ಎಂದರು. ಸೆಪ್ಟೆಂಬರ್ ಕೊನೆಗೆ ಫೋನ್ ಎತ್ತುವುದೂ ನಿಂತಿತು. ಅಕ್ಕ ಮಾತು ಕೊಟ್ಟಿದ್ದ ಮನೆಯವರು ಬೇರೆಯವರಿಗೆ ಮಾರಿಬಿಟ್ಟರು. ಅವಳು ಅತ್ತ ದಿನ ನಾನು ಅವರಿಗೆ "ನಾಳೆಯಿಂದ ಕರಾರು ರದ್ದು" ಎಂದು ಸಂದೇಶ ಬರೆದು, ಕಳಿಸುವ ಮುಂಚೆ ಯಾಕೋ ತಡೆದು, ವಕೀಲರ ಹತ್ತಿರ ಹೋದೆ.

ಅವರು ಕರಾರು ಓದಿ ಮೊದಲು ಕೇಳಿದ್ದು ಕೊಳ್ಳುವವರ ಬಗ್ಗೆ ಅಲ್ಲ. "ನೀವು ಮಾಡಬೇಕಾಗಿದ್ದನ್ನೆಲ್ಲ ಮಾಡಿ ಮುಗಿಸಿದ್ದು ಯಾವತ್ತು?" ಎಂದರು. ಜೂನ್ 18 ಎಂದೆ. "ಹಾಗಾದರೆ ಏಪ್ರಿಲ್ 10ನ್ನು ಮರೆತುಬಿಡಿ" ಎಂದರು. ನನಗೆ ಸಿಟ್ಟು ಬಂತು. ಕರಾರಿನಲ್ಲಿ ಗಡುವು ಬರೆದಿದೆಯಲ್ಲ?

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಭಾರತೀಯ ಕರಾರು ಅಧಿನಿಯಮ 1872ರ 55ನೇ ಕಲಮು ಹೇಳುವುದು ಇದು: ಗಡುವು ಕರಾರಿನ ಜೀವಾಳವೇ ಆಗಿದ್ದರೆ, ಅದು ತಪ್ಪಿದಾಗ ಇನ್ನೊಬ್ಬರು ಕರಾರನ್ನು ರದ್ದು ಮಾಡಬಹುದು. ಜೀವಾಳವಲ್ಲದಿದ್ದರೆ ತಡವಾದದ್ದಕ್ಕೆ ಪರಿಹಾರ ಕೇಳಬಹುದು, ಅಷ್ಟೇ. ಸೈಟು, ಮನೆ, ಜಮೀನಿನ ಮಾರಾಟದಲ್ಲಿ ಗಡುವು ಜೀವಾಳವಲ್ಲ ಎಂದೇ ಕೋರ್ಟು ಮೊದಲು ಊಹಿಸುತ್ತದೆ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಹೇಳಿದೆ. ಕರಾರಿನ ಮಾತುಗಳಿಂದಲೋ ಸಂದರ್ಭದಿಂದಲೋ ಬೇರೆ ಉದ್ದೇಶ ಕಾಣಿಸಿದರೆ ಮಾತ್ರ ಆ ಊಹೆ ಬಿದ್ದುಹೋಗುತ್ತದೆ. ನಮ್ಮ ಕರಾರಿನಲ್ಲಿ "ಗಡುವು ಜೀವಾಳ" ಎಂಬ ಅರ್ಥದ ಸಾಲು ಇದ್ದೇ ಇತ್ತು. ಆದರೆ ಗಡುವು ಮುಗಿದು ಇಪ್ಪತ್ತೆರಡು ದಿನ ಆದಮೇಲೆ 3 ಲಕ್ಷ ತೆಗೆದುಕೊಂಡು ನಾವೇ ಆ ಸಾಲನ್ನು ಬಿಟ್ಟುಕೊಟ್ಟಂತಾಗಿತ್ತು. ಜುಲೈನಲ್ಲಿ ನಾನು ಬರೆದಿದ್ದ "ಪರವಾಗಿಲ್ಲ ಸರ್, ನಿಧಾನವಾಗಿ ಮಾಡಿಕೊಳ್ಳಿ" ಎಂಬ ಸಂದೇಶವನ್ನೂ ವಕೀಲರು ಓದಿದರು. ಸೌಜನ್ಯಕ್ಕೆ ಬರೆದದ್ದು ಅದು.

ಹಾಗಾದರೆ ದಾರಿ ಏನು? ಕೈಬಿಟ್ಟ ಗಡುವನ್ನು ಮತ್ತೆ ಕಟ್ಟಬೇಕು. ಅದಕ್ಕೇ ಈ ನೋಟೀಸು. ತಾನು ಸಿದ್ಧನಿರುವ ಮಾರಾಟಗಾರ, ವಿನಾಕಾರಣ ತಡಮಾಡುತ್ತಿರುವವರಿಗೆ ಸಾಕಷ್ಟು ಸಮಯ ಕೊಟ್ಟು, "ಈ ದಿನಾಂಕದೊಳಗೆ ಆಗದಿದ್ದರೆ ಕರಾರು ರದ್ದು" ಎಂದು ಸ್ಪಷ್ಟವಾಗಿ ತಿಳಿಸಿದರೆ, ಆ ದಿನಾಂಕಕ್ಕೆ ಬಲ ಬರುತ್ತದೆ. ನೋಟೀಸಿನಲ್ಲಿ ಬರೀ "ಬೇಗ ಕೊಡಿ, ಇಲ್ಲದಿದ್ದರೆ ಕಾನೂನು ಕ್ರಮ" ಎಂದು ಇದ್ದರೆ ಅದು ನೆನಪೋಲೆ ಮಾತ್ರ. ನಾನು ಆಗಸ್ಟಿನಲ್ಲಿ ಅಂಥ ಎರಡು ಸಂದೇಶ ಕಳಿಸಿದ್ದೆ. ಅವುಗಳಿಂದ ಏನೂ ಆಗಿರಲಿಲ್ಲ.

ಸಾಕಷ್ಟು ಸಮಯ ಅಂದರೆ ಎಷ್ಟು ಎಂದು ಕಾನೂನಿನಲ್ಲಿ ಎಣಿಸಿ ಇಟ್ಟಿಲ್ಲ. ನನಗೆ ಏಳು ದಿನ ಸಾಕು ಎನಿಸಿತ್ತು. ವಕೀಲರು ಒಪ್ಪಲಿಲ್ಲ. 33 ಲಕ್ಷ ಹೊಂದಿಸಬೇಕು, ಸಾಲ ಮಂಜೂರಾಗಬೇಕು, ಮುದ್ರಾಂಕ ಶುಲ್ಕ ಕಟ್ಟಬೇಕು. ಮನಸ್ಸಿದ್ದವನು ನಿಜವಾಗಿ ಮಾಡಿ ಮುಗಿಸಬಹುದಾದಷ್ಟು ದಿನ ಇರಬೇಕು ಎಂದರು. ನೋಟೀಸು ತಲುಪಿದ ಮೇಲೂ ಒಂದು ತಿಂಗಳು ಉಳಿಯುವ ಹಾಗೆ ಲೆಕ್ಕ ಹಾಕಿದರು. "ತಲುಪಿದ 30 ದಿನಗಳೊಳಗೆ" ಎಂದು ಬರೆಯೋಣವೇ ಎಂದು ಕೇಳಿದೆ. ಬೇಡ, ತಲುಪಿದ್ದು ಯಾವತ್ತು ಎಂಬುದೇ ಆಮೇಲೆ ಜಗಳವಾಗುತ್ತದೆ, ಕ್ಯಾಲೆಂಡರಿನ ದಿನಾಂಕವನ್ನೇ ಬರೆಯೋಣ ಎಂದರು. ಮೊದಲ ಕರಡಿನಲ್ಲಿ ನವೆಂಬರ್ 8 ಎಂದಿತ್ತು. ಮನೆಗೆ ಬಂದು ನೋಡಿದರೆ ಅದು ಎರಡನೇ ಶನಿವಾರ! "ಅವತ್ತು ಕಚೇರಿಯೇ ಇರಲಿಲ್ಲ, ನಾವು ಬರುವುದು ಹೇಗೆ" ಎನ್ನಲು ಅವರಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತಿತ್ತು. 10ನೇ ತಾರೀಕು ಸೋಮವಾರಕ್ಕೆ ಬದಲಿಸಿದೆವು. ದಿನಾಂಕ ಬರೆಯುವ ಮುಂಚೆ ದಯವಿಟ್ಟು ರಜೆಗಳನ್ನು ನೋಡಿಕೊಳ್ಳಿ.

ಕರಡಿನಲ್ಲಿ ಇನ್ನೊಂದು ತಪ್ಪಿತ್ತು, ಅದನ್ನು ಅಕ್ಕ ಹಿಡಿದಳು. "ನೋಡೋ, ಇದರಲ್ಲಿ ನನ್ನ ಹೆಸರೇ ಇಲ್ಲ" ಎಂದಳು. ವಕೀಲರ ಹತ್ತಿರ ಹೋದವನು ನಾನೊಬ್ಬನೇ ಆದ್ದರಿಂದ "ನನ್ನ ಕಕ್ಷಿದಾರರಾದ" ಎಂದು ನನ್ನ ಹೆಸರು ಮಾತ್ರ ಬಂದಿತ್ತು. ಮಾರುವವರು ಇಬ್ಬರಾಗಿದ್ದರೆ ರದ್ದು ಮಾಡುವವರೂ ಇಬ್ಬರೇ ಆಗಬೇಕು. ಅವಳಿರುವುದು ಬೇರೆ ಊರಿನಲ್ಲಿ. ವಕೀಲರಿಗೆ ಅವಳ ಒಪ್ಪಿಗೆ ಪತ್ರ ಸಹಿಯಾಗಿ ಬರುವುದಕ್ಕೆ ನಾಲ್ಕು ದಿನ ಹೋಯಿತು. ಅದೇ ಲೆಕ್ಕದಲ್ಲಿ ಆ ಕಡೆ ಗಂಡನಿಗೆ ಒಂದು, ಹೆಂಡತಿಗೆ ಒಂದು, ಬೇರೆ ಬೇರೆ ಲಕೋಟೆ.

ನೋಟೀಸಿನ ಹೆಚ್ಚಿನ ಭಾಗ ಏನೇನು ನಡೆಯಿತು ಎಂಬ ವಿವರ. ಅದರಲ್ಲಿ ವಕೀಲರು ಏಪ್ರಿಲ್ ತಡವನ್ನು ಅವರ ತಲೆಗೆ ಕಟ್ಟಲಿಲ್ಲ. ಜೂನ್ 18ಕ್ಕೆ ಖಾತೆ ಆದದ್ದನ್ನೂ ಜುಲೈ 1ಕ್ಕೆ ತಿಳಿಸಿದ್ದನ್ನೂ ಬರೆದು, ಅಲ್ಲಿಂದ ಮುಂದಿನ ತಡವನ್ನು ಮಾತ್ರ ಎಣಿಸಿದರು. ನಮ್ಮ ಕೊರತೆಯನ್ನು ನಾವೇ ಹೇಳಿಕೊಂಡದ್ದರಿಂದ ಆಮೇಲೆ ಅವರು ಅದನ್ನು ಎತ್ತಿದಾಗ ಅದಕ್ಕೆ ತೂಕವೇ ಬರಲಿಲ್ಲ. ಮುಖ್ಯವಾದ ಪ್ಯಾರಾ ಹೀಗಿತ್ತು:

"ಆದ್ದರಿಂದ ತಾವು ದಿನಾಂಕ 10-11-2025ರ ಸೋಮವಾರ ಬೆಳಿಗ್ಗೆ 11 ಗಂಟೆಗೆ ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಗೆ ಹಾಜರಾಗಿ, ಬಾಕಿ ಮೊತ್ತ 33,00,000 ರೂಪಾಯಿಗಳನ್ನು ಪೂರ್ತಿಯಾಗಿ ಪಾವತಿಸಿ ಕ್ರಯಪತ್ರ ನೋಂದಾಯಿಸಿಕೊಳ್ಳತಕ್ಕದ್ದು. ನನ್ನ ಕಕ್ಷಿದಾರರು ಮೂಲ ದಾಖಲೆಗಳೊಂದಿಗೆ ಅಂದು ಹಾಜರಿರುತ್ತಾರೆ. ಈ ದಿನಾಂಕವನ್ನು ಕರಾರಿನ ಜೀವಾಳವೆಂದು ಈ ಮೂಲಕ ಗೊತ್ತುಪಡಿಸಲಾಗಿದೆ. ಅಂದಿನೊಳಗೆ ತಾವು ಪಾವತಿಸದಿದ್ದಲ್ಲಿ ದಿನಾಂಕ 10-01-2025ರ ಕರಾರನ್ನು ರದ್ದುಪಡಿಸಲಾಗುವುದು. ಈ ಹಿಂದೆ ತೋರಿದ ಯಾವುದೇ ಸಡಿಲಿಕೆಯನ್ನು ಮುಂದಿನ ಸಡಿಲಿಕೆಗೆ ಒಪ್ಪಿಗೆ ಎಂದು ಭಾವಿಸತಕ್ಕದ್ದಲ್ಲ."

ಮೊತ್ತವನ್ನು ಪೈಸೆ ತಪ್ಪದ ಹಾಗೆ ಬರೆಯಬೇಕು. ತಡವಾದದ್ದಕ್ಕೆ ಬಡ್ಡಿ ಸೇರಿಸಿ 34 ಲಕ್ಷ ಕೇಳೋಣ ಎಂದು ನನಗಿತ್ತು. ಕರಾರಿನಲ್ಲಿ ಬಡ್ಡಿಯ ಮಾತೇ ಇರಲಿಲ್ಲ. ಇಲ್ಲದ್ದನ್ನು ಕೇಳಿದರೆ, ಕರಾರಿನಂತೆ ನಡೆಯಲು ಸಿದ್ಧರಿಲ್ಲದವರು ನಾವೇ ಎಂದಾಗುತ್ತದೆ ಎಂದು ವಕೀಲರು ಅದನ್ನು ತೆಗೆಸಿದರು.

ಅಕ್ಟೋಬರ್ 6ರಂದು ನೋಟೀಸು ಹೊರಟಿತು. ಅಷ್ಟು ಹೊತ್ತಿಗೆ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿತ್ತು. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲೇ ನೋಂದಣಿ, ತಲುಪಿದ್ದಕ್ಕೆ ಪುರಾವೆ ಎರಡನ್ನೂ ಕೇಳಿ ಮಾಡಿಸಿದೆವು. ಕರಾರಿನಲ್ಲಿದ್ದ ವಿಳಾಸಕ್ಕೂ ಅವರು ಈಗಿರುವ ಮನೆಗೂ, ಇಬ್ಬರಿಗೂ, ಒಟ್ಟು ನಾಲ್ಕು ಲಕೋಟೆ. ಗಂಡನಿಗೆ ಹೊಸ ಮನೆಯಲ್ಲಿ 9ನೇ ತಾರೀಕು ತಲುಪಿತು. ಹೆಂಡತಿಯ ಹೆಸರಿನದು ಬಾಗಿಲು ಹಾಕಿತ್ತು, ತಿಳಿಸಲಾಗಿದೆ, ಪಡೆದುಕೊಳ್ಳಲಿಲ್ಲ ಎಂಬ ಷರಾ ಹೊತ್ತು ವಾಪಸು ಬಂತು. ನನ್ನ ಎದೆ ಧಸಕ್ಕೆಂದಿತು. ಆದರೆ ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ನೋಂದಣಿ ಮಾಡಿ ಕಳಿಸಿದ್ದು ತಲುಪಿತೆಂದೇ ಕಾನೂನು ಊಹಿಸುತ್ತದೆ. ಇಲ್ಲ ಎನ್ನುವವರು ಸಾಬೀತು ಮಾಡಬೇಕು. ವಾಪಸು ಬಂದ ಲಕೋಟೆಯನ್ನು ಮಾತ್ರ ಒಡೆಯಬಾರದು. ಅಂಚೆಯ ಷರಾ, ಮುದ್ರೆ, ಒಳಗಿನ ಪ್ರತಿ ಎಲ್ಲ ಒಂದೇ ಕಟ್ಟಿನಲ್ಲಿ ಇದ್ದರೇ ಅದಕ್ಕೆ ಬೆಲೆ. ಅಂಚೆಯ ಜಾಲತಾಣದಲ್ಲಿ ಕಾಣುವ ವಿವರ ಬಹಳ ದಿನ ಉಳಿಯುವುದಿಲ್ಲ ಎಂದು ಅದನ್ನು ಅವತ್ತೇ ಮುದ್ರಿಸಿಟ್ಟುಕೊಂಡೆ.

ಅಕ್ಟೋಬರ್ 27ಕ್ಕೆ ಅವರ ವಕೀಲರಿಂದ ಉತ್ತರ ಬಂತು. ದಾಖಲೆ ತೋರಿಸಿಯೇ ಇಲ್ಲ, ಸೈಟಿನ ಅಳತೆ ಕಡಿಮೆ ಇದೆ, ಆರು ತಿಂಗಳು ಸಮಯ ಬೇಕು, ಇಲ್ಲದಿದ್ದರೆ ಕೊಟ್ಟ ಹಣದ ಎರಡರಷ್ಟು ವಾಪಸು ಕೊಡಬೇಕು ಎಂದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವೇ ಮೋಸ ಮಾಡಿದವರು ಎನ್ನುವ ಹಾಗೆ ಬರೆದಿದ್ದರು. ನಮ್ಮ ವಕೀಲರು ಒಂದು ಪುಟದ ಮರು ಉತ್ತರ ಕಳಿಸಿದರು: ಜುಲೈ 1ರ ಸಂದೇಶದ ಪ್ರತಿ, ಅಳತೆಯ ಬಗ್ಗೆ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ತಕರಾರು ಬಂದಿಲ್ಲ ಎಂಬ ಮಾತು, ಮತ್ತು ನವೆಂಬರ್ 10ರ ದಿನಾಂಕದಲ್ಲಿ ಬದಲಾವಣೆ ಇಲ್ಲ ಎಂಬ ಸಾಲು.

ಕಷ್ಟವಾದದ್ದು ಆ ಕೊನೆಯ ಸಾಲಿಗೆ ಅಂಟಿಕೊಂಡು ನಿಲ್ಲುವುದು. ನವೆಂಬರ್ 5ರಂದು ಅವರೇ ಫೋನ್ ಮಾಡಿದರು. "ಇನ್ನೊಂದು ಹದಿನೈದು ದಿನ ಕೊಡಿ ಸರ್, ನಮ್ಮ ಮೇಲೆ ನಂಬಿಕೆ ಇಲ್ಲವೇ?" ಧ್ವನಿ ಸೋತಿತ್ತು. ನನಗೆ ಅಯ್ಯೋ ಅನ್ನಿಸಿತು. ಆದರೆ ಫೋನಿನಲ್ಲಿ ಹೂಂ ಎಂದುಬಿಟ್ಟರೆ ಕಟ್ಟಿದ್ದೆಲ್ಲ ಮತ್ತೆ ಸಡಿಲವಾಗುತ್ತಿತ್ತು. "ಏನಿದ್ದರೂ ಬರವಣಿಗೆಯಲ್ಲಿ ವಕೀಲರಿಗೆ ತಿಳಿಸಿ ಸರ್, ಸೋಮವಾರ ನಾವು ಬಂದಿರುತ್ತೇವೆ" ಎಂದಷ್ಟೇ ಹೇಳಿದೆ. ನಿಮಗೆ ನಿಜವಾಗಿಯೂ ಸಮಯ ಕೊಡಬೇಕೆನಿಸಿದರೆ ಹೊಸ ಕೊನೆಯ ದಿನಾಂಕವನ್ನು ಅದೇ ಗಟ್ಟಿ ಮಾತಿನಲ್ಲಿ ಪತ್ರದಲ್ಲಿ ಬರೆದು ಕೊಡಿ, ಬಾಯಿಮಾತಿನಲ್ಲಿ ಬೇಡ.

10ನೇ ತಾರೀಕು ಅಕ್ಕನೂ ನಾನೂ ಮೂಲ ದಾಖಲೆಗಳ ಚೀಲ ಹಿಡಿದು ಹತ್ತೂವರೆಗೇ ಉಪನೋಂದಣಾಧಿಕಾರಿ ಕಚೇರಿಗೆ ಹೋದೆವು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದರೂ ಹೋಗಲೇಬೇಕು. ಬರುತ್ತೇವೆ ಎಂದು ಬರೆದವರು ನಾವು. 11ಕ್ಕೆ ಅಲ್ಲಿಂದಲೇ ಗಂಡ ಹೆಂಡತಿ ಇಬ್ಬರಿಗೂ ಸಂದೇಶ, ವಕೀಲರಿಂದ ಅವರ ವಕೀಲರಿಗೆ ಇ-ಮೇಲ್. ಜೊತೆಗೆ ಬಂದಿದ್ದ ಭಾವನನ್ನು ಸಾಕ್ಷಿಯಾಗಿ ಇಟ್ಟುಕೊಂಡೆವು. ಸಂಜೆ ಕಚೇರಿ ಮುಚ್ಚುವವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಅಕ್ಕ ಪ್ರತಿಸಲ ಬಾಗಿಲ ಕಡೆ ನೋಡುತ್ತಿದ್ದಳು. ಅವರು ಹಣ ತಂದಿದ್ದರೆ ನಮಗೆ ಅದಕ್ಕಿಂತ ಸಂತೋಷ ಬೇರೆ ಇರಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. 12ರ ಬೆಳಿಗ್ಗೆ ಬ್ಯಾಂಕಿನಿಂದ ಸಂದೇಶ: ಅವರ ಖಾತೆಯಿಂದ ನನ್ನ ಖಾತೆಗೆ 50,000 ಜಮಾ. ಯಾರೂ ಎಚ್ಚರಿಸದಿದ್ದರೆ ನಾನು ಅದನ್ನು ಹಾಗೇ ಬಿಟ್ಟಿರುತ್ತಿದ್ದೆ. ಕೊನೆಯ ದಿನಾಂಕ ದಾಟಿದ ಮೇಲೆ ಬಂದ ಹಣವನ್ನು ಇಟ್ಟುಕೊಂಡರೆ ಮೇ ತಿಂಗಳಲ್ಲಿ ಆದದ್ದೇ ಮತ್ತೆ ಆಗುತ್ತದೆ, ಕರಾರು ಇನ್ನೂ ಜೀವಂತ ಎಂದು ನಾವೇ ಒಪ್ಪಿದಂತೆ. ಅವತ್ತೇ ಮಧ್ಯಾಹ್ನ ಅದೇ ಖಾತೆಗೆ ವಾಪಸು ಹಾಕಿ, "ಕರಾರಿನ ಬಾಬ್ತು ಒಪ್ಪಿಕೊಳ್ಳದೆ ಹಿಂದಿರುಗಿಸಲಾಗಿದೆ" ಎಂದು ಬರೆದು ತಿಳಿಸಿದೆ.

13ಕ್ಕೆ ಎರಡನೇ ಪತ್ರ, ಅರ್ಧ ಪುಟದ್ದು: ಕರಾರು ರದ್ದಾಗಿದೆ. ಮೊದಲ ನೋಟೀಸಿನಲ್ಲೇ ರದ್ದು ಎಂದು ಇದೆಯಲ್ಲ, ಇದೇಕೆ ಎಂದು ಕೇಳಿದೆ. "ರದ್ದುಪಡಿಸಲಾಗುವುದು" ಎನ್ನುವುದಕ್ಕೂ "ರದ್ದುಪಡಿಸಲಾಗಿದೆ" ಎನ್ನುವುದಕ್ಕೂ ವ್ಯತ್ಯಾಸ ಇದೆ ಎಂದರು. 2013ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಮಾರುವವರು ಹೀಗೆ ಕೊನೆಯ ದಿನಾಂಕ ಕೊಟ್ಟು ಕರಾರು ಕೊನೆಗೊಳಿಸಿದ್ದರು. ಆ ರದ್ದತಿ ತಪ್ಪು ಎಂದು ಘೋಷಿಸಿ ಎಂದು ಕೇಳದೆ, ಬರೀ ಕ್ರಯಪತ್ರ ಮಾಡಿಸಿಕೊಡಿ ಎಂದು ಕೊಳ್ಳುವವರು ಹಾಕಿದ ದಾವೆ ನಿಲ್ಲುವುದಿಲ್ಲ ಎಂದು ಕೋರ್ಟು ಹೇಳಿತು. ರದ್ದತಿ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು ಎಂದು ನಮ್ಮ ವಕೀಲರು ಹಟ ಹಿಡಿದದ್ದು ಇದಕ್ಕೇ.

ಇನ್ನು ಬಂದ 7 ಲಕ್ಷದ ಮಾತು. ಕರಾರಿನಲ್ಲಿ "ತಪ್ಪಿದರೆ ಮುಂಗಡ ಮುಟ್ಟುಗೋಲು" ಎಂದಿತ್ತು. ನಾನು ಪೂರ್ತಿ ನಮ್ಮದೇ ಎಂದುಕೊಂಡಿದ್ದೆ. ವಕೀಲರು 1963ರ ತೀರ್ಪೊಂದನ್ನು ತೋರಿಸಿದರು. ಆ ಮಾರಾಟದಲ್ಲಿ ಬಂದಿದ್ದ 25,000ದಲ್ಲಿ 1,000 ಮಾತ್ರ ಮುಂಗಡ, 24,000 ಬೆಲೆಯ ಭಾಗ. ಸಾವಿರವನ್ನು ಇಟ್ಟುಕೊಳ್ಳಲು ಬಿಟ್ಟ ಸುಪ್ರೀಂ ಕೋರ್ಟು, ಕರಾರಿನಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ 24,000ವನ್ನು ನುಂಗಲು ಬಿಡಲಿಲ್ಲ. ಅದೇ ಕರಾರು ಅಧಿನಿಯಮದ 74ನೇ ಕಲಮಿನಂತೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ನಮ್ಮ ಲೆಕ್ಕದಲ್ಲಿ ಜನವರಿಯ 4 ಲಕ್ಷ ಮುಂಗಡ, ಮೇ ತಿಂಗಳ 3 ಲಕ್ಷ ಬೆಲೆಯ ಭಾಗ. ಆದ್ದರಿಂದ ಎರಡನೇ ಪತ್ರದಲ್ಲೇ, 3 ಲಕ್ಷವನ್ನು ಮೂಲ ಕರಾರು ಹಿಂದಿರುಗಿಸಿ ಪಡೆದುಕೊಳ್ಳಬಹುದು ಎಂದು ಬರೆದೆವು. ಇದು ಬರೆದ ಮೇಲೆ ಅವರ ಕಡೆಯ ದನಿ ಬದಲಾಯಿತು.

ಡಿಸೆಂಬರ್ ಎರಡನೇ ವಾರ ಅವರ ವಕೀಲರ ಕಚೇರಿಯಲ್ಲಿ ಕೂತೆವು. ಅಲ್ಲಿ ಗೊತ್ತಾಯಿತು, ಬ್ಯಾಂಕಿನ ಸಾಲ ಆಗಸ್ಟಿನಲ್ಲೇ ತಿರಸ್ಕಾರವಾಗಿತ್ತಂತೆ, ಹೇಳಿಕೊಳ್ಳಲು ಅವರಿಗೆ ನಾಚಿಕೆ. ಆಗಲೇ ಹೇಳಿದ್ದರೆ ನಾವು ಅಷ್ಟೂ ಹಣ ಕೊಟ್ಟುಬಿಡುತ್ತಿದ್ದೆವೇನೋ, ಅಕ್ಕನ ಮನೆಯೂ ಉಳಿಯುತ್ತಿತ್ತು. 4 ಲಕ್ಷದಲ್ಲಿ 2 ಲಕ್ಷ ನಾವು ಇಟ್ಟುಕೊಂಡು, ಒಟ್ಟು 5 ಲಕ್ಷ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವುದೆಂದು ತೀರ್ಮಾನವಾಯಿತು. ವಕೀಲರ ಶುಲ್ಕ ಎರಡು ನೋಟೀಸು, ಮರು ಉತ್ತರ, ಈ ಮಾತುಕತೆ ಎಲ್ಲ ಸೇರಿ 18,000 ಆಯಿತು.

ಇಲ್ಲಿ ಒಂದು ಮಾತು. ನಮ್ಮ ಕರಾರು ನೋಂದಣಿಯಾಗಿರಲಿಲ್ಲ, ಅದಕ್ಕೇ ಮುದ್ರಾಂಕದ ಮೇಲೆ ರದ್ದು ಪತ್ರ ಬರೆದು ನಾಲ್ವರೂ ಸಹಿ ಮಾಡಿದರೆ ಸಾಕಾಯಿತು. ನೋಂದಣಿಯಾದ ಕರಾರಾಗಿದ್ದರೆ ಅದು ಋಣಭಾರ ಪತ್ರದಲ್ಲಿ ಕಾಣುತ್ತಿರುತ್ತದೆ, ನಮ್ಮ ನೋಟೀಸಿನಿಂದ ಅಲ್ಲಿಂದ ಅಳಿಯುವುದಿಲ್ಲ. ಅದಕ್ಕೆ ಇಬ್ಬರೂ ಹೋಗಿ ರದ್ದು ಪತ್ರ ನೋಂದಾಯಿಸಬೇಕು, ಅವರು ಬರದಿದ್ದರೆ ಕೋರ್ಟಿಗೆ ಹೋಗಬೇಕು. ಅಂಥವರು ಒಪ್ಪಂದಕ್ಕೆ ಸ್ವಲ್ಪ ಹೆಚ್ಚು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಒಪ್ಪಂದವೇ ಆಗದೆ ಉಳಿದರೆ, ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹಾಕಲು ಕೊಳ್ಳುವವರಿಗೆ ಮೂರು ವರ್ಷ ಇರುತ್ತದೆ. ಅಲ್ಲಿಯವರೆಗೆ ಅಂಚೆ ರಸೀದಿಯಿಂದ ಹಿಡಿದು ಒಂದು ಚೀಟಿಯನ್ನೂ ಎಸೆಯಬೇಡಿ.

ಮೂಲ ಕರಾರಿನ ಪ್ರತಿ ಪುಟದ ಮೇಲೂ ಅಡ್ಡಲಾಗಿ "ರದ್ದು" ಎಂದು ಬರೆದು ಸಹಿ ಮಾಡಿದೆವು. ಹೆಂಡತಿಯವರು ಕೊನೆಯ ಸಹಿ ಹಾಕಿ, ವಾಪಸು ಬಂದಿದ್ದ ಆ ಲಕೋಟೆಯನ್ನು ಕಡತದಲ್ಲಿ ನೋಡಿ, "ಇದರಲ್ಲಿ ಏನಿತ್ತು?" ಎಂದು ಅಕ್ಕನನ್ನು ಕೇಳಿದರು. ಅವರಿಗೆ ನೋಟೀಸಿನ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕ ನನ್ನ ಕಡತದಲ್ಲಿದ್ದ ಪ್ರತಿ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅಲ್ಲೇ ನಿಂತು ಎರಡೂವರೆ ಪುಟವನ್ನೂ ಓದಿದರು.